ಠೇವಣಿಯ ಹಣ ಚಿನ್ನಕ್ಕೆ ಹಾಕಿದರೆ ಅಪಾಯ ಇಳಿಯುತ್ತದೆಯೆ?

ಪ್ರಶ್ನೆ: ಗಣಿತ ಶಿಕ್ಷಕಿ, ಮಂಡ್ಯ

ಬ್ಯಾಂಕ್ ಠೇವಣಿ ಮತ್ತು ಪಿಎಫ್ ಸೇರಿ 24 ಲಕ್ಷ, ಷೇರು ಮ್ಯೂಚುವಲ್ ಫಂಡ್ 12 ಲಕ್ಷ, ಗೋಲ್ಡ್ ಇಟಿಎಫ್ 4 ಲಕ್ಷ ರೂಪಾಯಿ ಇದೆ. ಮನೆಯಲ್ಲಿ ಒಡವೆ, ನಾಣ್ಯ ಸೇರಿ 180 ಗ್ರಾಂ ಚಿನ್ನವೂ ಇದೆ. ಮುಂದಿನ ತಿಂಗಳು 8 ಲಕ್ಷದ ಠೇವಣಿಯೊಂದು ಮುಗಿಯುತ್ತದೆ. ಚಿನ್ನ ಇದ್ದರೆ ಅಪಾಯ ಕಡಿಮೆ, ಪೂರ್ತಿ ಅದಕ್ಕೇ ಹಾಕು ಎನ್ನುತ್ತಾನೆ ನನ್ನ ಅಣ್ಣ. ನೂರಕ್ಕೆ ಎಷ್ಟು ಚಿನ್ನವಿದ್ದರೆ ಸರಿ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ನಿಮ್ಮ ಅಣ್ಣ ಹೇಳಿದ್ದು ಸರಿಯಾಗಿದೆ ಮೇಡಂ. ಷೇರು ಬಿದ್ದಾಗ ಚಿನ್ನ ಏರುತ್ತದೆ. 2008ರಲ್ಲಿ ಕಣ್ಣಾರೆ ಕಂಡಿದ್ದೇನೆ. ಜನವರಿಯಲ್ಲಿ 21,000ದ ಹತ್ತಿರವಿದ್ದ ಸೆನ್ಸೆಕ್ಸ್ ಅಕ್ಟೋಬರಿಗೆ 8,500ರ ಆಸುಪಾಸಿಗೆ ಬಂತು. ಆ ವರ್ಷ ಚಿನ್ನ ಇಟ್ಟುಕೊಂಡವರು ನೆಮ್ಮದಿಯಾಗಿದ್ದರು. ಶೇ 30ರವರೆಗೆ ಧೈರ್ಯವಾಗಿ ಇಡಿ.

ಹೂಡಿಕೆ ಸಲಹೆಗಾರ, ಮೈಸೂರು

ಮೇಡಂ, ಶೇಕಡಾವಾರಿಗೆ ಆಮೇಲೆ ಬರೋಣ. ಆ 8 ಲಕ್ಷವನ್ನು ಯಾವ ಡಬ್ಬಿಯಿಂದ ತೆಗೆಯುತ್ತಿದ್ದೀರಿ ಎಂಬುದನ್ನು ಮೊದಲು ನೋಡಬೇಕು. ಅಪಾಯ ಏರುವುದೂ ಇಳಿಯುವುದೂ ಅದರ ಮೇಲೆ ನಿಂತಿದೆ.

ನೀವು ಗಣಿತದವರಾದ್ದರಿಂದ ಪೈಥಾಗೊರಸನನ್ನೇ ಕರೆಯುತ್ತೇನೆ. ಷೇರು ಫಂಡ್ ಸಾಮಾನ್ಯ ವರ್ಷದಲ್ಲಿ ತನ್ನ ಸರಾಸರಿಯಿಂದ ಶೇ 18ರಷ್ಟು ಅತ್ತಿತ್ತ ಅಲುಗಾಡುತ್ತದೆ, ಚಿನ್ನ ಶೇ 15ರಷ್ಟು ಅಲುಗಾಡುತ್ತದೆ ಎಂದು ಹಿಡಿಯಿರಿ. ಇವು ಲೆಕ್ಕಕ್ಕಾಗಿ ನಾನು ಬಳಸುವ ಅಂಕಿಗಳು. ಕೆಟ್ಟ ವರ್ಷದಲ್ಲಿ ಇದರ ಎರಡರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಆಗುವುದುಂಟು. ಠೇವಣಿ ಅಲುಗಾಡುವುದಿಲ್ಲ. ಷೇರೂ ಚಿನ್ನವೂ ಒಂದಕ್ಕೊಂದು ಸಂಬಂಧವಿಲ್ಲದೆ ಚಲಿಸಿದರೆ ಅವುಗಳ ಅಲುಗಾಟವನ್ನು ನೇರವಾಗಿ ಕೂಡಬಾರದು, ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ ಕೂಡಬೇಕು. ಒಟ್ಟು ಅಲುಗಾಟವೇ ಕರ್ಣ.

ಈಗಿನ ಸ್ಥಿತಿಯಲ್ಲಿ 12 ಲಕ್ಷ ಷೇರಿನ ಬಾಹು 2.16 ಲಕ್ಷ, 4 ಲಕ್ಷ ಚಿನ್ನದ ಬಾಹು 60 ಸಾವಿರ. ಕರ್ಣ ಸುಮಾರು 2.24 ಲಕ್ಷ. ಚಿನ್ನ ಸೇರಿದರೂ ಒಟ್ಟು ಅಲುಗಾಟಕ್ಕೆ ಎಂಟು ಸಾವಿರದಷ್ಟು ಮಾತ್ರ ಕೂಡಿತು. ಸ್ವಲ್ಪ ಚಿನ್ನ ಇರಲಿ ಎನ್ನುವವರ ಮಾತಿನಲ್ಲಿರುವ ತಿರುಳು ಇದೇ.

ಈಗ 8 ಲಕ್ಷ ಠೇವಣಿಯನ್ನು ಚಿನ್ನಕ್ಕೆ ಹಾಕಿ ನೋಡಿ. ಷೇರಿನ ಬಾಹು ಹಾಗೆಯೇ ಉಳಿಯುತ್ತದೆ, ಚಿನ್ನದ ಬಾಹು 1.8 ಲಕ್ಷಕ್ಕೆ ಬೆಳೆಯುತ್ತದೆ, ಕರ್ಣ 2.81 ಲಕ್ಷವಾಗುತ್ತದೆ. ಅಲುಗಾಡದೆ ಇದ್ದ ಹಣವನ್ನು ಅಲುಗಾಡುವಂತೆ ಮಾಡಿದಿರಿ, ಅಪಾಯ ಏರಿತು. ಠೇವಣಿಯನ್ನು ಮುಟ್ಟದೆ ಷೇರು ಫಂಡಿನಿಂದ 4 ಲಕ್ಷ ತೆಗೆದು ಚಿನ್ನಕ್ಕೆ ಹಾಕಿದ್ದರೆ ಬಾಹುಗಳು 1.44 ಮತ್ತು 1.2 ಲಕ್ಷವಾಗಿ ಕರ್ಣ 1.87 ಲಕ್ಷಕ್ಕೆ ಇಳಿಯುತ್ತಿತ್ತು. ಚಿನ್ನವನ್ನು ಕೊಂಡದ್ದು ಎರಡು ಕಡೆಯೂ ನಿಜ, ಫಲ ಮಾತ್ರ ತಿರುಗುಮುರುಗು. ನಿಮ್ಮ ಅಣ್ಣ ಎಲ್ಲ ಹಣವನ್ನೂ ಷೇರಿನಲ್ಲಿಟ್ಟವರಾಗಿದ್ದರೆ ಅವರ ಮಟ್ಟಿಗೆ ಅವರ ಮಾತು ಸರಿಯೇ. ನಿಮ್ಮ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಠೇವಣಿಯಲ್ಲಿದೆ.

ಗಣಿತ ಶಿಕ್ಷಕಿ, ಮಂಡ್ಯ

ಅಣ್ಣನ ಹಣವೆಲ್ಲ ಷೇರಿನಲ್ಲೇ ಇದೆ, ನೀವು ಊಹಿಸಿದ್ದು ಸರಿ. ಆದರೆ ಸರ್, ಆ ಕೋನ ಲಂಬವಾಗಿಯೇ ನಿಲ್ಲುತ್ತದೆ ಎಂದು ಹೇಳಿದವರು ಯಾರು? ಕೋನ ಅಗಲವಾದರೆ ಮೂರನೆಯ ಬಾಹು ಉದ್ದವಾಗುತ್ತದೆ. ನನ್ನ ಹತ್ತನೇ ತರಗತಿಯ ಮಕ್ಕಳೂ ಇದನ್ನು ಕೇಳುತ್ತಾರೆ.

ಹೂಡಿಕೆ ಸಲಹೆಗಾರ, ಮೈಸೂರು

ಕೋನ ನಿಲ್ಲುವುದಿಲ್ಲ. ಹಿರಿಯರು ಮೇಲೆ ಬರೆದ 2008ರ ಮಾತು ನಿಜವೇ, ಆದರೆ ಅದರಿಂದ ನಿಯಮ ಮಾಡಲಾಗದು. ಆ ವರ್ಷ ಡಾಲರಿನಲ್ಲಿ ಚಿನ್ನ ಏರಿದ್ದು ಅಲ್ಪ. ನಮ್ಮ ಕೈಗೆ ಬಂದ ಲಾಭದಲ್ಲಿ ದೊಡ್ಡ ಪಾಲು ರೂಪಾಯಿ ಕುಸಿದದ್ದರಿಂದ ಬಂತು, ಡಾಲರ್ ಸುಮಾರು 39 ರೂಪಾಯಿಯಿಂದ 48ಕ್ಕೆ ಹೋಯಿತು. ವಿದೇಶಿ ಹಣ ನಮ್ಮ ಷೇರುಪೇಟೆಯಿಂದ ಓಡಿದಾಗ ರೂಪಾಯಿಯೂ ಇಳಿಯುತ್ತದೆ, ಆಗ ಇಲ್ಲಿನ ಚಿನ್ನದ ಬೆಲೆಗೆ ಒತ್ತಾಸೆ ಸಿಗುತ್ತದೆ. ಭಾರತದವರಿಗೆ ಚಿನ್ನ ಕೊಡುವ ರಕ್ಷಣೆಯ ಒಂದು ಭಾಗ ಹೀಗೆ ಡಾಲರಿನದು.

ಮಾರ್ಚ್ 2020 ನೋಡಿ. ಷೇರು ಕುಸಿದ ಮೊದಲ ದಿನಗಳಲ್ಲಿ ಎಲ್ಲರಿಗೂ ನಗದು ಬೇಕಾಗಿತ್ತು, ಚಿನ್ನವನ್ನೂ ಮಾರಿದರು, ಅದೂ ಇಳಿಯಿತು. ಆಮೇಲೆ ಏರಿ ವರ್ಷಾಂತ್ಯಕ್ಕೆ ಒಳ್ಳೆಯ ಲಾಭ ಕೊಟ್ಟಿತು. ಆದರೆ ಆ ವಾರಗಳಲ್ಲಿ ಆಸ್ಪತ್ರೆಗೋ ಶುಲ್ಕಕ್ಕೋ ಹಣ ಬೇಕಾಗಿದ್ದವನಿಗೆ ವರ್ಷಾಂತ್ಯದ ಲಾಭದಿಂದ ಏನು ಬಂತು? ಇನ್ನು 23 ಜುಲೈ 2024ರಂದು ಬಜೆಟ್‌ನಲ್ಲಿ ಆಮದು ಸುಂಕ ಶೇ 15ರಿಂದ 6ಕ್ಕೆ ಇಳಿಯಿತು. ಅಂದು ಅಶೋಕ ರಸ್ತೆಯ ಅಂಗಡಿಗಳಲ್ಲಿ ದರ ಬಿದ್ದದ್ದು ಜಗತ್ತಿನ ಯಾವ ಪೇಟೆಯಿಂದಲೂ ಅಲ್ಲ, ದೆಹಲಿಯ ಒಂದು ಸಾಲಿನಿಂದ.

ಷೇರೂ ಚಿನ್ನವೂ ಎಷ್ಟರ ಮಟ್ಟಿಗೆ ಒಟ್ಟಿಗೆ ಚಲಿಸುತ್ತವೆ ಎಂಬ ಅಳತೆಗೆ ಪರಸ್ಪರ ಸಂಬಂಧ ಎನ್ನುತ್ತಾರೆ, ಕೋನ ಲಂಬವಾಗಿದ್ದರೆ ಅದು ಸೊನ್ನೆ. ನೀವು 8 ಲಕ್ಷ ಹಾಕಿ, ಕೋನ ಸ್ವಲ್ಪ ಅಗಲವಾಗಿ ಪರಸ್ಪರ ಸಂಬಂಧ 0.3 ಆದರೆ ಕರ್ಣ ಸುಮಾರು 3.2 ಲಕ್ಷವಾಗುತ್ತದೆ. ಅದಕ್ಕೇ ಲೆಕ್ಕವನ್ನು ಎರಡು ಕೋನದಲ್ಲೂ ಮಾಡಿ ನೋಡುವುದು ನನ್ನ ಅಭ್ಯಾಸ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಡಾಲರಿನ ಮಾತು ಒಪ್ಪಿದೆ. ಆದರೂ ಠೇವಣಿ ಅಲುಗಾಡುವುದಿಲ್ಲ ಎಂದು ಬರೆದದ್ದನ್ನು ಒಪ್ಪಲಾರೆ. ಹತ್ತು ವರ್ಷ ಕಳೆದರೆ ಬೆಲೆಯೇರಿಕೆ ಅದನ್ನು ಗೆದ್ದಲಿನಂತೆ ತಿನ್ನುತ್ತದೆ. ನಿಮ್ಮ ತ್ರಿಭುಜದಲ್ಲಿ ಗೆದ್ದಲಿಗೆ ಬಾಹು ಎಲ್ಲಿದೆ?

ಹೂಡಿಕೆ ಸಲಹೆಗಾರ, ಮೈಸೂರು

ಇಲ್ಲ, ಅದು ಈ ಲೆಕ್ಕದ ಹೊರಗಿದೆ. ಒಂದು ವರ್ಷದ ಅಲುಗಾಟಕ್ಕೆ ಈ ತ್ರಿಭುಜ ಸಾಕು, ಇಪ್ಪತ್ತು ವರ್ಷದ ಸವಕಳಿಗೆ ಸಾಲದು. ಆದರೆ ಚಿನ್ನವೂ ಸವೆಯುತ್ತದೆ ಸರ್. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ ಚಿನ್ನ ಮತ್ತೆ ಆ ಬೆಲೆ ದಾಟಿದ್ದು 2008ರಲ್ಲಿ. ರೂಪಾಯಿ ಇಳಿಯುತ್ತಾ ಹೋದದ್ದರಿಂದ ನಮಗೆ ಆ ಬರಗಾಲ ಅಷ್ಟಾಗಿ ತಟ್ಟಲಿಲ್ಲ, ನಿಜ.

ಬೆಳೆಗಾರ, ಮದ್ದೂರಿನ ಹತ್ತಿರ

ನಮ್ಮ ಮನೆಯಲ್ಲಿ ಚಿನ್ನ ಏರಿತೇ ಇಳಿಯಿತೇ ಎಂದು ಯಾರೂ ಕೇಳುವುದಿಲ್ಲ. ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿ ಹಣ ಬರುವವರೆಗೆ ಹೆಂಡತಿಯ ಸರ ಬ್ಯಾಂಕಿನಲ್ಲಿರುತ್ತದೆ, ಹಣ ಬಂದ ಮೇಲೆ ಕೊರಳಿಗೆ ಬರುತ್ತದೆ. ಒಂದು ವರ್ಷ ಒಂದು ಕಾರ್ಖಾನೆ ಬಾಕಿಯನ್ನು ತಿಂಗಳುಗಟ್ಟಲೆ ಎಳೆಯಿತು. ಸರ ಇಲ್ಲದಿದ್ದರೆ ಆ ಸಲ ಕೂಲಿಯವರ ಮುಖ ನೋಡಲಾಗುತ್ತಿರಲಿಲ್ಲ. ಶೇ 10, ಶೇ 15 ಎಂಬುದೆಲ್ಲ ಸಂಬಳದವರ ಮಾತು.

ಹೂಡಿಕೆ ಸಲಹೆಗಾರ, ಮೈಸೂರು

ನಿಮ್ಮ ಸರ ಮಾಡುತ್ತಿರುವುದು ಹೂಡಿಕೆಯ ಕೆಲಸವಲ್ಲ, ದುಡಿಯುವ ಬಂಡವಾಳದ ಕೆಲಸ. ಅದನ್ನು ನನ್ನ ಶೇಕಡಾವಾರಿಗೆ ಎಳೆಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಬೆಲೆಯ ಶೇ 75ರಷ್ಟು ಸಾಲ ಎತ್ತಿದ್ದು, ಚಿನ್ನ ಶೇ 15 ಇಳಿದರೆ ಸಾಲ ಆಗಿನ ಬೆಲೆಯ ಶೇ 88ಕ್ಕೆ ಬಂದು ನಿಲ್ಲುತ್ತದೆ. ಬಾಕಿ ತಡವಾದ ವರ್ಷವೇ ಹಾಗಾದರೆ ಬ್ಯಾಂಕಿನವರು ಹೆಚ್ಚುವರಿ ಹಣ ಕೇಳಬಹುದು. ಅರ್ಧ ಬೆಲೆಗಷ್ಟೇ ಎತ್ತಿದರೆ ಉಸಿರಾಡಲು ಜಾಗವಿರುತ್ತದೆ.

ಯುವ ಉದ್ಯೋಗಿ, ಮೈಸೂರು

ಮಂಡ್ಯದ ಪೇಟೆ ಬೀದಿಯಲ್ಲಿ ಕೊಂಡರೆ ಲಾಭವೋ ಮೈಸೂರಿನಲ್ಲೋ? 916 ಹಾಲ್‌ಮಾರ್ಕ್ ಇದ್ದರೆ ಸಾಕಲ್ಲವೇ?

ಹೂಡಿಕೆ ಸಲಹೆಗಾರ, ಮೈಸೂರು

ಇಲ್ಲಿನ ಪ್ರಶ್ನೆ ಅದಲ್ಲ ಅಪ್ಪಾ, ಆದರೂ ಹೇಳುತ್ತೇನೆ. ಹಾಲ್‌ಮಾರ್ಕ್ ಶುದ್ಧತೆಗೆ ಮಾತ್ರ ಸಾಕ್ಷಿ. ಮಜೂರಿ ಮತ್ತು ಶೇ 3ರ ಜಿಎಸ್‌ಟಿ ಮಾರುವಾಗ ವಾಪಸ್ ಬರುವುದಿಲ್ಲ. ಹೂಡಿಕೆಯ ಲೆಕ್ಕಕ್ಕೆ ಒಡವೆ ಒಗ್ಗುವುದಿಲ್ಲ.

ಮೇಡಂ, ಈಗ ನಿಮ್ಮ 180 ಗ್ರಾಂ. ಅದರಲ್ಲಿ ಯಾವುದನ್ನು ಮಾರಬಲ್ಲಿರಿ?

ಗಣಿತ ಶಿಕ್ಷಕಿ, ಮಂಡ್ಯ

100 ಗ್ರಾಂ ಮಗಳ ಮದುವೆಗೆ. 50 ಗ್ರಾಂ ನಾನು ತೊಡುವ ಬಳೆ, ಸರ, ಓಲೆ. ಉಳಿದ 30 ಗ್ರಾಂ ನಾಣ್ಯಗಳು, ಅವು ಖಾಲಿ ಬಿದ್ದಿವೆ.

ಹೂಡಿಕೆ ಸಲಹೆಗಾರ, ಮೈಸೂರು

ಹಾಗಾದರೆ ನಾಣ್ಯ ಮಾತ್ರ ಲೆಕ್ಕಕ್ಕೆ. ಮಗಳ ಚಿನ್ನವನ್ನು ನೀವು ಗ್ರಾಂನಲ್ಲಿ ಕೊಡಬೇಕು, ರೂಪಾಯಿಯಲ್ಲಿ ಅಲ್ಲ. ದರ ಏರಿದರೆ ನೀವು ಶ್ರೀಮಂತರಾಗುವುದಿಲ್ಲ, ಇಳಿದರೆ ಬಡವರಾಗುವುದೂ ಇಲ್ಲ. ಅದು ಮುಂಚಿತವಾಗಿ ಮಾಡಿಟ್ಟ ಖರ್ಚು. ಅದನ್ನು ಸಂಪತ್ತೆಂದು ಕೂಡಿಸಿಕೊಂಡು ನನ್ನಲ್ಲಿ ಚಿನ್ನ ಬೇಕಾದಷ್ಟಿದೆ ಎನ್ನುವವರೂ ಇದ್ದಾರೆ, ಪೂರ್ತಿ ಮರೆತು ಮೇಲೆ ಮೇಲೆ ಕೊಳ್ಳುವವರೂ ಇದ್ದಾರೆ.

ಸುಲಭಕ್ಕೆ ಗ್ರಾಂಗೆ 10,000 ಎಂದಿಟ್ಟರೆ ನಾಣ್ಯ 3 ಲಕ್ಷ. ಇಟಿಎಫ್ ಸೇರಿ 7 ಲಕ್ಷ, ಒಟ್ಟು 43 ಲಕ್ಷದಲ್ಲಿ ಶೇ 16. ನಾನು ನಿಮ್ಮಂಥವರಿಗೆ ಶೇ 10ರಿಂದ 15 ಸಾಕು ಎನ್ನುತ್ತೇನೆ. ಇದು ನನ್ನ ತೀರ್ಮಾನ, ಸೂತ್ರದಿಂದ ಬಂದದ್ದಲ್ಲ. ಷೇರು ಮತ್ತು ಚಿನ್ನ ಎರಡೇ ಇದ್ದು, ಅಲುಗಾಟ ಅತಿ ಕಡಿಮೆ ಆಗುವ ಪಾಲನ್ನು ಇದೇ ಅಂಕಿಗಳಿಂದ ಹುಡುಕಿದರೆ ಉತ್ತರ ಚಿನ್ನ ಶೇ 59 ಎಂದು ಬರುತ್ತದೆ! ಅಷ್ಟು ಇಟ್ಟವನು 2011ರಿಂದ 2015ರವರೆಗೆ ಡಾಲರ್ ಬೆಲೆ 1,900ರಿಂದ 1,050ಕ್ಕೆ ಇಳಿದದ್ದನ್ನು ನೋಡುತ್ತಾ ಕೂರಬೇಕಿತ್ತು. ರೂಪಾಯಿ ಇಳಿದು ನಮಗೆ ಹೊಡೆತ ಕಡಿಮೆಯಾಯಿತು ನಿಜ, ಆದರೆ ಪ್ರತಿ ಬಾರಿಯೂ ರೂಪಾಯಿ ಬಂದು ಕಾಪಾಡಲಿ ಎಂದು ಯೋಜನೆ ಮಾಡಲಾಗುವುದಿಲ್ಲ.

ಇನ್ನೊಂದು ಮಾತು. ನೀವು ಒಂದು ಗ್ರಾಂ ಕೊಳ್ಳದಿದ್ದರೂ ಪಾಲು ತಾನೇ ಬೆಳೆಯುತ್ತದೆ. ಚಿನ್ನ ಅರ್ಧಪಟ್ಟು ಏರಿ ಉಳಿದದ್ದು ಇದ್ದಲ್ಲೇ ಇದ್ದರೆ 7 ಲಕ್ಷ 10.5 ಆಗಿ, ಶೇ 16 ಇದ್ದದ್ದು ಶೇ 22 ದಾಟುತ್ತದೆ. ಯುಗಾದಿಯಂಥ ನೆನಪಿರುವ ದಿನಕ್ಕೆ ವರ್ಷಕ್ಕೊಮ್ಮೆ ನೋಡಿ, ಶೇ 20 ದಾಟಿದ್ದರೆ ಹೆಚ್ಚಾದದ್ದನ್ನು ಇಟಿಎಫ್‌ನಿಂದ ಮಾರಿ ಠೇವಣಿಗೋ ಷೇರಿಗೋ ಹಾಕಿ. ಇಟಿಎಫ್‌ನಿಂದ ಎಂದದ್ದಕ್ಕೆ ಕಾರಣವಿದೆ: ಬಳೆ ಮಾರಿ ಪಾಲು ಸರಿದೂಗಿಸಿದವರನ್ನು ನಾನಿನ್ನೂ ಕಂಡಿಲ್ಲ. ಒಂದು ವರ್ಷ ಮೀರಿದ ಇಟಿಎಫ್ ಲಾಭಕ್ಕೆ ಶೇ 12.5 ತೆರಿಗೆ ಇದೆ, ಅದನ್ನೂ ಲೆಕ್ಕಕ್ಕಿಡಿ.

ಗಣಿತ ಶಿಕ್ಷಕಿ, ಮಂಡ್ಯ

ಯಜಮಾನರು ಪಕ್ಕದಲ್ಲಿ ಕುಳಿತು ಓದಿದರು. ನಾಣ್ಯಗಳೂ ಮಗಳಿಗೇ ಅಂತೆ, ಮುಟ್ಟಬಾರದಂತೆ.

ಹೂಡಿಕೆ ಸಲಹೆಗಾರ, ಮೈಸೂರು

ಹಾಗಾದರೆ ಲೆಕ್ಕ ಮತ್ತೆ 40 ಲಕ್ಷಕ್ಕೆ 4 ಲಕ್ಷ, ಶೇ 10. ಮುಗಿಯುವ ಠೇವಣಿಯಲ್ಲಿ 2 ಲಕ್ಷವನ್ನು ಇಟಿಎಫ್‌ಗೆ ಹಾಕಬಹುದು, ಒಮ್ಮೆಗೇ ಬೇಡ, ಏಳೆಂಟು ತಿಂಗಳಿಗೆ ಹಂಚಿ. ಉಳಿದ 6 ಲಕ್ಷ ಮತ್ತೆ ಠೇವಣಿಗೆ ಹೋಗಲಿ. ಕರ್ಣ 2.24 ಲಕ್ಷದಿಂದ 2.34ಕ್ಕೆ ಹೋಗುತ್ತದೆ, ಹತ್ತು ಸಾವಿರ ಹೆಚ್ಚು. ಅಷ್ಟು ಅಲುಗಾಟ ತಡೆಯಬಲ್ಲಿರಾ ಎಂದು ಯಜಮಾನರನ್ನೂ ಕೇಳಿ.