ಅಪ್‌ಡೇಟ್: ಅರ್ಜಿಯ ಸ್ಥಿತಿ ಕೇಳಿದ ಇಮೇಲ್‌ಗೆ ಕೊನೆಗೂ ಉತ್ತರ ಬಂತು

ನಾನು ಕೇಳಿದ್ದು: “ಸಂದರ್ಶನ ಮುಗಿದು ಎರಡು ವಾರವಾಯಿತು. ಅರ್ಜಿ ಏನಾಯಿತೆಂದು ವಿಚಾರಿಸುವ ಇಮೇಲನ್ನು ನೇಮಕಾತಿಯವರು ತೆರೆದು ನೋಡಬೇಕಾದರೆ ವಿಷಯದ ಸಾಲಿನಲ್ಲಿ ಏನು ಬರೆಯಲಿ?”

ಮೊದಲು “ತುರ್ತು” ಎಂದು ಸೇರಿಸಿ ಕಳುಹಿಸಿದೆ. ಐದು ದಿನ ಕಾದರೂ ಉತ್ತರವಿಲ್ಲ. ಬರೀ “ಫಾಲೋ ಅಪ್” ಎಂದು ಬರೆದದ್ದಕ್ಕೂ ಅದೇ ಗತಿಯಾಯಿತು. ಕೊನೆಗೆ ಫಲ ಕೊಟ್ಟದ್ದು, ಹುದ್ದೆಯ ಹೆಸರು ಮತ್ತು ಜಾಹೀರಾತಿನಲ್ಲಿದ್ದ ಸಂಖ್ಯೆಯನ್ನು ಮೊದಲಿಗೇ ಇಡಿ ಎಂದು ಸಾಗರದ ಅಕ್ಕನವರೊಬ್ಬರು ಇಲ್ಲಿ ಕೊಟ್ಟ ಸಲಹೆ:

```
Accounts Assistant, Job ID 2417: status after 3 June interview
```

ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ ಕುಳಿತು ಇದನ್ನು ನನ್ನದೇ ಇನ್ನೊಂದು ವಿಳಾಸಕ್ಕೆ ಕಳುಹಿಸಿ ನೋಡಿದಾಗ, ಮೊಬೈಲಿನಲ್ಲಿ ಸಾಲಿನ ಕೊನೆಯ ಭಾಗ ಕತ್ತರಿಸಿಹೋದರೂ ಹುದ್ದೆ ಮತ್ತು ಸಂಖ್ಯೆ ಪೂರ್ತಿ ಕಾಣುತ್ತಿದ್ದವು. ಮರುದಿನ ಬೆಳಿಗ್ಗೆಯೇ ಉತ್ತರ ಬಂತು: ಎರಡನೇ ಸುತ್ತು ಮುಂದಿನ ವಾರವಂತೆ.

ನನಗೆ ಅಚ್ಚರಿಯಾದದ್ದು ಬೇರೆ. ಒಬ್ಬರೇ ಹಲವು ಹುದ್ದೆಗಳನ್ನು ನೋಡಿಕೊಳ್ಳುವುದರಿಂದ ಆ ಸಂಖ್ಯೆಯಿಂದಲೇ ಹುಡುಕುತ್ತೇವೆ ಎಂದು ನೇಮಕಾತಿಯವರು ಫೋನಿನಲ್ಲಿ ತಿಳಿಸಿದರು. ಸಂದರ್ಶನಕ್ಕೆ ಕರೆದ ಇಮೇಲ್ ನಿಮ್ಮ ಬಳಿ ಇದ್ದರೆ, ವಿಷಯದ ಸಾಲನ್ನು ಬದಲಿಸದೆ ಅದಕ್ಕೇ ಉತ್ತರಿಸುವುದು ಇನ್ನೂ ಒಳ್ಳೆಯದು. ಜಿಮೇಲ್‌ನಲ್ಲಿ ಸಾಲು ಬದಲಾದರೆ ಹೊಸ ಸಂಭಾಷಣೆಯಾಗಿ ಬೇರ್ಪಡುತ್ತದೆ. ನನಗೆ ಕರೆ ಬಂದದ್ದು ಫೋನಿನಲ್ಲಾದ್ದರಿಂದ ಆ ದಾರಿ ಇರಲಿಲ್ಲ.