ಒಂದೇ ಆರ್ಡರ್, ಮೂರು ಲಾರಿ: ಬಾಕಿ ಮಾಲಿನ ಬಿಲ್ ನೀವೆಲ್ಲ ಹೆಂಗ ಹಾಕ್ತೀರಿ?

ಸೇಡಂ ರೋಡ್ ಪೈಪ್ಸ್: ಕಲಬುರಗಿಯಲ್ಲಿ ನಮ್ಮದು ಪೈಪು, ಫಿಟಿಂಗ್ಸ್ ಅಂಗಡಿ. ಗುತ್ತಿಗೆದಾರರೊಬ್ಬರ ಆರ್ಡರ್ 600 ಪೈಪು. 250 ಹೋಗಿದೆ, 200 ನಾಳೆ ಹೋಗುತ್ತೆ, 150 ಕಂಪನಿಯಿಂದ ಇನ್ನೂ ಬಂದಿಲ್ಲ. ಟ್ಯಾಲಿ ಬಳಸ್ತೀವಿ. ಒಂದೇ ಮಾಲಿಗೆ ಎರಡು ಸಲ ಬಿಲ್ ಆಗದಂಗ ಹೆಂಗ ನೋಡ್ಕೋತೀರಿ? ಅನುಭವ ಹೇಳ್ರಿ.

ಹುಮನಾಬಾದ್ ಅಣ್ಣ: ಇದಕ್ಕ ಯಾಕ ಇಷ್ಟು ತಲಿಬ್ಯಾನಿ? ಮೊದಲನೇ ಲಾರಿ ಹೊರಡೂ ಮುಂಚೆ 600ಕ್ಕೂ ಪೂರಾ ಬಿಲ್ ಒಂದೇ ಸಲ ಹರೀರಿ. ಆಮ್ಯಾಲ ಒಂದೊಂದು ಲಾರಿಗೂ ಚಲನ್, ಅದರ ಮ್ಯಾಲ ಬಿಲ್ ನಂಬರ್, ಜೋಡಿ ಬಿಲ್ಲಿನ ದೃಢೀಕರಿಸಿದ ನಕಲು. ಅಸಲಿ ಬಿಲ್ ಕಡೀ ಲಾರಿ ಜೋಡಿ ಕೊಡೋದು. ಇದು ನನ್ನ ಸ್ವಂತ ಪದ್ಧತಿ ಅಲ್ಲ, ಜಿಎಸ್‌ಟಿ ನಿಯಮ 55ರಾಗೇ ಅದ, ಐದನೇ ಉಪನಿಯಮ ತೆಗೆದು ನೋಡ್ರಿ. ಬಿಲ್ಲೇ ಒಂದು ಇದ್ದಾಗ ಎರಡು ಸಲ ಹೆಂಗ ಆಗ್ತದ? ನಾವು ಬೋರ್‌ವೆಲ್ ಮಷೀನಿನ ಮಾಲು ಹಿಂಗೇ ಕಳಸ್ತೀವಿ, ಇಲ್ಲೀತನಕ ಯಾರೂ ಕೇಳಿಲ್ಲ.

ಕಪನೂರ ಅಕೌಂಟ್ಸ್: ಅಣ್ಣಾರ, ಆ ಉಪನಿಯಮ ಇರೋದು ಖರೇ. ಆದರ ಅದು ಬಿಡಿಭಾಗವಾಗಿ ಬಿಚ್ಚಿ ಇಲ್ಲಾ ಕಂತಿನಾಗ ಕಳಿಸೋ ಮಾಲಿಗೆ, ಎಲ್ಲ ಕಂತು ಸೇರಿ ಒಂದೇ ಪೂರೈಕೆ ಆಗೋ ಕಡೆ ಸರಿಹೋಗ್ತದ. ನಿಮ್ಮ ಮಷೀನಿಗೆ ಹೊಂದಬಹುದು. ಇಲ್ಲಿ ಒಂದೊಂದು ಪೈಪೂ ಬೇರೆ ಮಾಲು, ಮೇಲಾಗಿ 150 ಕೈಯಾಗೇ ಇಲ್ಲ. ಇಲ್ಲದ ಮಾಲಿಗೆ ಇವತ್ತೇ ಬಿಲ್ ಹರಿದರ ಅದರ ತೆರಿಗೆ ಈ ತಿಂಗಳ ಲೆಕ್ಕಕ್ಕೇ ಬೀಳ್ತದ. ತಗೊಂಡ ಪಾರ್ಟಿಗೂ ಕಷ್ಟ: ಒಂದು ಬಿಲ್ಲಿನ ಮಾಲು ಕಂತಿನಲ್ಲಿ ಬಂದರ ಕಡೀ ಕಂತು ಕೈಸೇರೋ ತನಕ ಅವರಿಗೆ ಇನ್‌ಪುಟ್ ಸಿಗಂಗಿಲ್ಲ, ಸೆಕ್ಷನ್ 16ರಾಗೇ ಬರದದ. ಗುತ್ತಿಗೆದಾರ ಅದನ್ನ ತಿಳಕೊಂಡ ದಿನ ನಿಮಗ ಫೋನ್ ಬರ್ತದ.

ಕೇಳಿದವರಿಗೆ: ಒಂದು ಲಾರಿ, ಒಂದು ಡೆಲಿವರಿ ನೋಟ್, ಒಂದು ಬಿಲ್. ಕಾನೂನೂ ಮಾಲು ಹೊರಡೋ ಹೊತ್ತಿಗೇ ಬಿಲ್ ಆಗಬೇಕು ಅಂತದ. ಆದರ ಟ್ಯಾಲಿಯೊಳಗ ಡಬಲ್ ಆಗೋ ಜಾಗ ಒಂದದ, ಅದನ್ನ ಬಿಡಿಸಿ ಹೇಳತೀನಿ.

ಮೊದಲನೇ ಲಾರಿಯ 250ಕ್ಕೆ ಆರ್ಡರ್ ನಂಬರ್ ಕೊಟ್ಟು `Delivery Note` ಹಾಕಿದ್ರಿ. ಆರ್ಡರ್ ಬಾಕಿ 350 ಆಯ್ತು, ಸ್ಟಾಕಿನಿಂದ 250 ಹೋಯ್ತು. ಇಲ್ಲೀತನಕ ಸರಿ. ಈಗ ಬಿಲ್ ಹಾಕೋ ಹುಡುಗ ಸೇಲ್ಸ್ ವೋಚರ್ ತೆಗೆದು ಡೆಲಿವರಿ ನೋಟ್ ಆರಿಸೋದು ಬಿಟ್ಟು ನೇರ ಆರ್ಡರ್ ನಂಬರ್ ಆರಿಸ್ತಾನ. ಪರದೆ ಮ್ಯಾಲ 350 ತಾನಾಗೇ ಬರ್ತದ. ಅವನು ಅದನ್ನ ಅಳಿಸಿ 250 ಮಾಡ್ತಾನ, ಟ್ರ್ಯಾಕಿಂಗ್ ನಂಬರ್ ಕೇಳಿದಲ್ಲಿ `Not Applicable` ಒತ್ತಿ ಮುಂದ ಹೋಗ್ತಾನ. ಬಿಲ್ ಮ್ಯಾಲ ಒಂದು ತಪ್ಪೂ ಕಾಣಂಗಿಲ್ಲ: 250 ಪೈಪು, ರೇಟು ಸರಿ, ತೆರಿಗೆ ಸರಿ. ಒಳಗ ಮಾತ್ರ ಟ್ಯಾಲಿ ಇದನ್ನ ಇನ್ನೊಂದು ಬೇರೆ ಡೆಲಿವರಿ ಅಂತ ಹಿಡಕೊಂಡದ. ಸ್ಟಾಕಿನಿಂದ ಮತ್ತ 250 ಹೋಯ್ತು, ಆರ್ಡರ್ ಬಾಕಿ 350 ಇದ್ದದ್ದು 100ಕ್ಕ ಇಳೀತು. ಹಳೇ ಡೆಲಿವರಿ ನೋಟ್ ಬಿಲ್ ಆಗದೇ ತೆರೆದೇ ಉಳೀತು. ತಿಂಗಳ ಕೊನೀಗೆ ಇನ್ನೊಬ್ಬರು ಕೂತು 'ಬಿಲ್ ಆಗದ ಡೆಲಿವರಿ ನೋಟ್' ಅಂತ ಆ 250ಕ್ಕ ಮತ್ತೊಂದು ಬಿಲ್ ಹಾಕ್ತಾರ. ಎರಡನೇ ಬಿಲ್ ಹಾಕಿದವರದೇನೂ ತಪ್ಪಿಲ್ಲ, ಅವರಿಗೆ ರಿಪೋರ್ಟ್ ಹೇಳಿದ್ದೇ ಅದು.

ಹಿಡಿಯೋದು ಸುಲಭ. `Alt+G` ಒತ್ತಿ `Sales Bills Pending` ತೆಗೀರಿ. ಬಿಲ್ ಕೊಟ್ಟಾಗಿರೋ ಲಾರಿ ಅಲ್ಲಿ ಇನ್ನೂ ಕಾಣ್ತಿದ್ರ ಹಿಂಗೇ ಆಗ್ಯದ. ಗೋದಾಮಿನ ಎಣಿಕೆ ಟ್ಯಾಲಿಗಿಂತ ಸರಿಯಾಗಿ ಒಂದು ಲಾರಿಯಷ್ಟು ಹೆಚ್ಚು ಬಂದ್ರೂ ಅದೇ ಗುರುತು. ಸರಿಪಡಿಸಲಿಕ್ಕೆ ಹೊಸ ಬಿಲ್ ಬ್ಯಾಡ. ಅದೇ ಬಿಲ್ ತೆರೆದು `Not Applicable` ಜಾಗದಲ್ಲಿ ಆ ಡೆಲಿವರಿ ನೋಟ್ ಆರಿಸಿ ಸೇವ್ ಮಾಡ್ರಿ. ಪ್ರಮಾಣ, ರೇಟು ಬದಲಾಗಂಗಿಲ್ಲ, ಪಾರ್ಟಿ ಹತ್ರ ಇರೋ ಬಿಲ್ ಹಂಗೇ ನಡೀತದ.

ಗಂಜ್ ಮುನೀಮ: ಪೈಪ್ ಎಣಿಸಿ ಕೊಡೋರಿಗೆ ಇದೆಲ್ಲ ಆಟ. ತೊಗರಿಬ್ಯಾಳಿ ವ್ಯಾಪಾರಕ್ಕ ಬರ್ರಿ ಗೊತ್ತಾಗ್ತದ. ಆರ್ಡರ್ 200 ಕ್ವಿಂಟಲ್. ಮೊದಲ ಲಾರಿ ವೇಬ್ರಿಜ್ ಮ್ಯಾಲ 98.60 ಬಂತು, ಎರಡನೇದು 99.55. ಒಟ್ಟು 198.15. ಉಳಿದ 1.85ಕ್ಕ ಯಾರೂ ಲಾರಿ ಕಟ್ಟಂಗಿಲ್ಲ. ಆದರ ಕಂಪ್ಯೂಟರಿನಾಗ ಆ 1.85 ಬಾಕಿ ಅಂತ ಕುಂತೇ ಇರ್ತದ. ಮುಂದಿನ ಆರ್ಡರ್ ಬಂದಾಗ ಹೊಸ ಹುಡುಗ ಹಳೇ ಆರ್ಡರ್ ನಂಬರಿಗೇ ಮಾಲು ಹಾಕ್ತಾನ, ಹಳೇ ರೇಟು ಬೀಳ್ತದ, ಪಾರ್ಟಿ ಜೋಡಿ ಜಗಳ. ಅದಕ್ಕ ನಮ್ಮಲ್ಲಿ ಆರ್ಡರ್ ಮುಗಿದ ಕೂಡಲೇ ಚಿಲ್ಲರ ಬಾಕಿ ಹೊಡದು ಹಾಕ್ತೀವಿ, ಟ್ಯಾಲಿಯಾಗ `Pre-close`. ಚೀಲ ಎಣಿಸಿ ಬಿಲ್ ಎಂದೂ ಮಾಡಬ್ಯಾಡ್ರಿ. ತೂಕದ ಚೀಟಿ ನಂಬರ್ ಬಿಲ್ಲಿನ ಮ್ಯಾಲ ಇರಲೇಬೇಕು. ಒಂದು ತೂಕದ ಚೀಟಿಗೆ ಎರಡು ಬಿಲ್ ಕಂಡ್ರ ಅಲ್ಲೇ ಸಿಕ್ಕಿಬೀಳ್ತದ.

ಹುಮನಾಬಾದ್ ಅಣ್ಣ: ಮುನೀಮಪ್ಪ, ಅವರು ಕೇಳಿದ್ದು ಪೈಪು. ನೀವು ಬ್ಯಾಳಿ ತಂದ್ರಿ.

ಗಂಜ್ ಮುನೀಮ: ನೀವು ಮಷೀನ್ ತಂದಿರಲ್ಲ? ತೂಕದ ಚೀಟಿ ಬದಲು ಲಾರಿ ಚಲನ್ ನಂಬರ್ ಅಂತ ಓದ್ಕೊಳ್ರಿ, ಪೈಪಿಗೂ ಅದೇ ಲೆಕ್ಕ.

ಯಾದಗಿರಿ ಸ್ಟೋರ್ಸ್: ಇಲ್ಲಿ ಯಾರೂ ಒಡೆದ ಮಾಲಿನ ಮಾತೇ ಎತ್ತಿಲ್ಲ. ಡಬಲ್ ಬಿಲ್ ಬಹಳ ಸಲ ಆಗೋದು ಅಲ್ಲೇ. ಇದೇ ಆರ್ಡರ್ ತಗೊಳ್ಳಿ. ಎರಡನೇ ಲಾರಿಯ 200ಕ್ಕೆ ಬಿಲ್ ಲಾರಿ ಜೊತೆಗೇ ಹೋಗಿದೆ. ಸೈಟಿನಲ್ಲಿ ಇಳಿಸುವಾಗ 12 ಪೈಪ್ ಒಡೆದದ್ದು ಸಿಕ್ತು, ವಾಪಸ್ ಬಂತು. ಮೂರನೇ ಲಾರಿಯಲ್ಲಿ ಬಾಕಿ 150 ಮತ್ತು ಬದಲಿ 12, ಚಲನ್ ಮೇಲೆ ಒಟ್ಟು 162. ಚಲನ್ ನೋಡಿ 162ಕ್ಕೆ ಬಿಲ್ ಹಾಕಿದ್ರೆ 250, 200, 162 ಸೇರಿ 612. 600ರ ಆರ್ಡರಿಗೆ 612 ಬಿಲ್.

ದಾರಿ ಎರಡಿದೆ, ಒಂದನ್ನೇ ಹಿಡೀಬೇಕು. ಒಂದು, ಒಡೆದ 12ಕ್ಕೆ ಕ್ರೆಡಿಟ್ ನೋಟ್ ಕೊಟ್ಟು ಮೂರನೇ ಲಾರಿಗೆ 162ರ ಬಿಲ್. ಎರಡು, ಕ್ರೆಡಿಟ್ ನೋಟ್ ಇಲ್ಲದೆ ಬದಲಿ 12ನ್ನ ಬೇರೆ ಚಲನ್ ಮೇಲೆ 'ಬದಲಿ ಮಾಲು' ಅಂತ ಬರೆದು ಕಳಿಸಿ, ಬಿಲ್ ಬರೀ 150ಕ್ಕೆ. ಎರಡೂ ಬೆರೆಸಿ, ಕ್ರೆಡಿಟ್ ನೋಟೂ ಕೊಟ್ಟು ಬಿಲ್ಲೂ 150ಕ್ಕೇ ಹಾಕಿದ್ರೆ 588ಕ್ಕೆ ಬಂದು ನಿಲ್ಲುತ್ತೆ, 12 ಪೈಪಿನ ರೊಕ್ಕ ನಿಮ್ಮ ಕೈಯಿಂದ. ಪಾರ್ಟಿ ಅದನ್ನ ತಾವಾಗಿ ಹೇಳೋದಿಲ್ಲ ಬಿಡಿ.

ನಾವು ಟ್ಯಾಲಿ ರಿಪೋರ್ಟನ್ನೊಂದೇ ನಂಬೋದಿಲ್ಲ. ಎಕ್ಸೆಲ್‌ನಲ್ಲಿ ಎರಡು ಹಾಳೆ, ಚಲನ್ ಹಾಳೆಯ ಹೆಸರು `DC`, ಬಿಲ್ ಹಾಳೆಯ ಹೆಸರು `INV`. ಎರಡರಲ್ಲೂ B ಕಾಲಂನಲ್ಲಿ ಆರ್ಡರ್ ನಂಬರ್, Cಯಲ್ಲಿ ಆರ್ಡರಿನ ಸಾಲಿನ ಸಂಖ್ಯೆ, Eಯಲ್ಲಿ ಪ್ರಮಾಣ. ಮೂರನೇ ಹಾಳೆಯಲ್ಲಿ A2ರಲ್ಲಿ ಆರ್ಡರ್ ನಂಬರ್, B2ರಲ್ಲಿ ಸಾಲಿನ ಸಂಖ್ಯೆ ಇಟ್ಟು ಇದು:

```
=SUMIFS(DC!E:E,DC!B:B,A2,DC!C:C,B2)-SUMIFS(INV!E:E,INV!B:B,A2,INV!C:C,B2)
```

ಉತ್ತರ ಸೊನ್ನೆ ಬಂದ್ರೆ ಹೋದದ್ದೆಲ್ಲ ಬಿಲ್ ಆಗಿದೆ. ಮೈನಸ್ ಬಂದ್ರೆ ಹೋಗಿದ್ದಕ್ಕಿಂತ ಹೆಚ್ಚು ಬಿಲ್ ಆಗಿದೆ, ಅಲ್ಲೇ ನಿಲ್ಲಿಸಿ ಹುಡುಕಿ. ವಾಪಸ್ ಬಂದದ್ದನ್ನ ಚಲನ್ ಹಾಳೆಯಲ್ಲಿ -12, ಕ್ರೆಡಿಟ್ ನೋಟನ್ನ ಬಿಲ್ ಹಾಳೆಯಲ್ಲಿ -12 ಅಂತ ಬರೀತೀವಿ. ಮಾಲಿನ ಹೆಸರು ಹಾಕದೆ ಸಾಲಿನ ಸಂಖ್ಯೆ ಯಾಕೆ ಅಂದ್ರೆ, ಒಂದೇ ಪೈಪ್ ಒಂದೇ ಆರ್ಡರಿನಲ್ಲಿ ಎರಡು ರೇಟಿಗೆ ಬರೋದುಂಟು. ಹೆಸರಿನ ಮೇಲೆ ಕೂಡಿಸಿದ್ರೆ ಒಟ್ಟು ಸರಿ ಬರುತ್ತೆ, ರೇಟಿನ ಗೋಲ್‌ಮಾಲ್ ಒಳಗೇ ಮುಚ್ಚಿಹೋಗುತ್ತೆ.

ಕಪನೂರ ಅಕೌಂಟ್ಸ್: ಲೆಕ್ಕ ಸರಿ ಅದ ಮೇಡಂ. ಒಂದು ಮಾತು ಸೇರಸ್ತೀನಿ: ಬದಲಿ 12ರ ಡೆಲಿವರಿ ನೋಟಿಗೆ ಆರ್ಡರ್ ನಂಬರ್ ಕೊಡಬ್ಯಾಡ್ರಿ. ಕೊಟ್ರ ಆರ್ಡರ್ ಬಾಕಿಯಿಂದ 12 ಕಟ್ಟಾಗ್ತದ, ಇನ್ನೂ ಕೊಡಬೇಕಾದ 150 ಪರದೆ ಮ್ಯಾಲ 138 ಅಂತ ಕಾಣ್ತದ. ಆದರ ಎಕ್ಸೆಲ್ ಬ್ಯಾರೆ ಯಾಕ? ಒಂದೇ ಸಂಗತಿ ಎರಡು ಕಡೆ ಬರೆದ್ರ ಎರಡು ಕಡೆ ತಪ್ಪು.

ಯಾದಗಿರಿ ಸ್ಟೋರ್ಸ್: ನಿಮ್ಮ ಟ್ಯಾಲಿಯಲ್ಲೇ `Not Applicable` ಒತ್ತಿ ಮುಂದೆ ಹೋಗ್ತಾರೆ ಅಂತ ನೀವೇ ಬರೆದಿದ್ದೀರಿ. ಹಾಗೆ ಒತ್ತಿದ್ದರಿಂದ ಆಗೋ ಡಬಲ್ ಬಿಲ್ಲನ್ನ ಹೊರಗಿನಿಂದ ಹಿಡಿಯೋದಕ್ಕೇ ಎಕ್ಸೆಲ್. ಬದಲಿ ಚಲನ್ ಆ ಪೆಂಡಿಂಗ್ ರಿಪೋರ್ಟಿನಲ್ಲಿ ಬಿಲ್ ಆಗದೇ ಉಳಿಯುತ್ತಲ್ಲ, ಅದಕ್ಕೇನು ಮಾಡ್ತೀರಿ?

ಕಪನೂರ ಅಕೌಂಟ್ಸ್: ನರೇಶನ್‌ನಾಗ 'ಬದಲಿ, ಬಿಲ್ ಬ್ಯಾಡ' ಅಂತ ಬರೀತೀವಿ.

ಯಾದಗಿರಿ ಸ್ಟೋರ್ಸ್: ನರೇಶನ್ ಓದಿ ಬಿಲ್ ಹಾಕೋ ಹುಡುಗ ನಿಮಗೆ ಎಲ್ಲಿ ಸಿಕ್ಕ? ನಮ್ಮ ಜಿಲ್ಲೆಗೂ ಒಬ್ಬನ್ನ ಕಳಿಸಿ.

ಬೀದರ್ ಟೈಲ್ಸ್: ಡಬಲ್ ಬಿಲ್ ಹೋಗಿಬಿಟ್ಟಿದ್ರ ಏನು ಅಂತ ಯಾರೂ ಹೇಳವಲ್ರು. ಈ-ಇನ್‌ವಾಯ್ಸ್ ಇರೋ ಅಂಗಡಿಗೆ, ಅಂದ್ರ ವಹಿವಾಟು 5 ಕೋಟಿ ದಾಟಿದವರಿಗೆ, ಪೋರ್ಟಲಿನಲ್ಲಿ ರದ್ದು ಮಾಡಲಿಕ್ಕೆ 24 ತಾಸು ಮಾತ್ರ. ಅದರ ಮ್ಯಾಲ ಈ-ವೇ ಬಿಲ್ ಚಾಲ್ತಿ ಇದ್ರ ಮೊದಲು ಅದನ್ನ ರದ್ದು ಮಾಡಬೇಕು. ರದ್ದಾದ ಬಿಲ್ ನಂಬರ್ ಮತ್ತ ಬಳಸಲಿಕ್ಕೆ ಬರಂಗಿಲ್ಲ. 24 ತಾಸು ದಾಟಿದ್ರ ಕ್ರೆಡಿಟ್ ನೋಟೇ ಗತಿ. ಅದರ ಮ್ಯಾಲ ಯಾವ ಬಿಲ್ಲಿಗೆ ಅಂತ ನಂಬರ್ ಬರೀರಿ. ಇಲ್ಲಂದ್ರ ಪಾರ್ಟಿಯವರು ಸರಿ ಇರೋ ಬಿಲ್ಲಿಗೇ ಅದನ್ನ ವಜಾ ಹಾಕ್ಕೊಂಡು ಡಬಲ್ ಬಿಲ್ಲನ್ನ ಬಾಕಿ ಅಂತ ತೋರಸ್ತಾರ, ಆರು ತಿಂಗಳು ಲೆಕ್ಕ ಕೂಡಂಗಿಲ್ಲ.

ಸೇಡಂ ರೋಡ್ ಪೈಪ್ಸ್: ಎಲ್ಲರಿಗೂ ಧನ್ಯವಾದ. ರಿಪೋರ್ಟ್ ತೆಗೆದು ನೋಡಿದೆ, ಮೊದಲನೇ 250 ಅಲ್ಲೇ ಕುಂತಿದೆ, ಬಾಕಿ 100 ತೋರಿಸ್ತಿದೆ. ಇನ್ನೊಂದು: ಪಾರ್ಟಿ 1 ಲಕ್ಷ ಅಡ್ವಾನ್ಸ್ ಕೊಟ್ಟಿದ್ದಾರೆ. ಯಾವ ಬಿಲ್ಲಿನಲ್ಲಿ ಕಳೀಬೇಕು?

ಹುಮನಾಬಾದ್ ಅಣ್ಣ: ಮೊದಲ ಬಿಲ್ಲಿನಾಗೇ ಪೂರಾ ಕಳೆದು ಮುಗಿಸ್ರಿ.

ಗಂಜ್ ಮುನೀಮ: ಅಬ್ಬಾ, ಅದೇ ತಪ್ಪು! ಅಡ್ವಾನ್ಸ್ ಮುಗಿದ ಮ್ಯಾಲ ಬಾಕಿ 150ಕ್ಕ ಅವರು ಬರದೇ ಹೋದ್ರ? ಕಡೀ ಬಿಲ್ಲಿನಾಗ ಕಳೀರಿ, ಮಾಲು ಬಿಡಿಸಿಕೊಂಡು ಹೋಗಲಿಕ್ಕೆ ತಾವೇ ಬರ್ತಾರ.

ಕಪನೂರ ಅಕೌಂಟ್ಸ್: ಮೊದಲೋ ಕಡೀಗೋ ಅನ್ನೋದು ನಿಮ್ಮ ಮಾತುಕತೆ. ಬಿಲ್ ಮೊತ್ತದಾಗ ಕಳೀಬ್ಯಾಡ್ರಿ, ಅಷ್ಟೇ. ಬಿಲ್ ಪೂರಾ ಇರಲಿ. ರಸೀದಿಯನ್ನ `Advance` ಅಂತ ಇಟ್ಟು, ಯಾವ ಬಿಲ್ಲಿಗೆ ಎಷ್ಟು ಅನ್ನೋದನ್ನ `Agst Ref` ಹಾಕಿ ಹೊಂದಿಸ್ರಿ. ಮಾಲಿನ ಅಡ್ವಾನ್ಸ್ ಮ್ಯಾಲ 2017ರ ನವೆಂಬರ್‌ನಿಂದ ಜಿಎಸ್‌ಟಿ ಕಟ್ಟೋದೂ ಇಲ್ಲ, ಹಂಗಾಗಿ ತೆರಿಗೆ ಲೆಕ್ಕ ಇದರಾಗ ತರಬ್ಯಾಡ್ರಿ.

ಹುಮನಾಬಾದ್ ಅಣ್ಣ: ಮತ್ತ ಲಾರಿ ಬಾಡಿಗಿ? ಆರ್ಡರಿನಾಗ ಒಂದೇ ಸಲ ಬರದದ್ದು ಮೂರೂ ಬಿಲ್ಲಿಗೆ ಬೀಳ್ತದಲ್ಲ, ಅದನ್ನ ನಿಮ್ಮ ಎಕ್ಸೆಲ್ ಹಿಡೀತದೇನು ಮೇಡಂ?

ಯಾದಗಿರಿ ಸ್ಟೋರ್ಸ್: ಬಾಡಿಗೆಯನ್ನೂ ಆರ್ಡರಿನ ಒಂದು ಸಾಲು ಅಂತ ಚಲನ್ ಹಾಳೆಯಲ್ಲಿ ಒಂದೇ ಸಲ, ಬಿಲ್ ಹಾಳೆಯಲ್ಲಿ ಬಿಲ್ಲಿಗೆ ಬಂದಾಗೆಲ್ಲ ಬರೆದು ಪ್ರಮಾಣ 1 ಹಾಕಿದ್ರೆ ಹಿಡಿಯುತ್ತೆ. ಮೂರು ಬಿಲ್ಲಿನಲ್ಲಿ ಬಂದ್ರೆ -2 ತೋರಿಸುತ್ತೆ.

ಹುಮನಾಬಾದ್ ಅಣ್ಣ: ನಮ್ಮಲ್ಲಿ ಬಾಡಿಗಿ ಪಾರ್ಟಿನೇ ಡ್ರೈವರಗ ಕೊಡ್ತಾರ, ಆ ತ್ರಾಸೇ ಇಲ್ಲ.