ಕಾಂಪೋಸಿಷನ್ ಹೋಟೆಲಿನ 5% ಯಾರ ಜೇಬಿನದು?

ಪ್ರಶ್ನೆ | ಹೋಟೆಲ್ ಮಾಲೀಕರು, ಸರಸ್ವತಿಪುರಂ, ಮೈಸೂರು
ಸರ್, ಜಿಎಸ್‌ಟಿ ಪರೋಕ್ಷ ತೆರಿಗೆ, ಗಿರಾಕಿನೇ ಕಟ್ಟೋದು ಅಂತಾರೆ. ನಾನು ಸಣ್ಣ ವ್ಯಾಪಾರಿಗಳ ಕಾಂಪೋಸಿಷನ್ ಸ್ಕೀಮಲ್ಲಿದ್ದೀನಿ, ಒಟ್ಟು ವಹಿವಾಟಿನ ಮೇಲೆ 5% ಕಟ್ಟಬೇಕು, ಬಿಲ್ಲಲ್ಲಿ ತೆರಿಗೆ ಹಾಕೋ ಹಾಗಿಲ್ಲವಂತೆ. ಹಾಗಾದ್ರೆ ಆ 5% ನನ್ನ ಕೈಯಿಂದಲೇ ಹೋಯ್ತಲ್ಲ?

ಬಿ.ಕಾಂ ವಿದ್ಯಾರ್ಥಿ, ಮಂಡ್ಯ
ಆದಾಯ ತೆರಿಗೆ, ಮನೆ ಕಂದಾಯ ಪ್ರತ್ಯಕ್ಷ, ಕಟ್ಟಿದವರೇ ಹೊರಬೇಕು. ಜಿಎಸ್‌ಟಿ ಪರೋಕ್ಷ, ಪೂರ್ತಿ ಗಿರಾಕಿ ಮೇಲೇ ಬೀಳುತ್ತೆ. ಪರೀಕ್ಷೆಗೆ ನಾವು ಬರೆಯೋದು ಇದನ್ನೇ ಸಾರ್.

ತೆರಿಗೆ ಸಲಹೆಗಾರರು, ಮೈಸೂರು
ಪರೀಕ್ಷೆಗೆ ಸಾಕು, ಗಲ್ಲಾಪೆಟ್ಟಿಗೆಗೆ ಸಾಲದು. ಮಾಲೀಕರೇ, ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಫಾರಂನಲ್ಲಿ ವಹಿವಾಟಿನ 5% ಕಟ್ಟೋ ಹೊಣೆ ನಿಮ್ಮದೇ. ಅದನ್ನ ಬೇರೆ ಸಾಲಾಗಿ ಬಿಲ್ಲಲ್ಲಿ ತೋರಿಸಿ ವಸೂಲಿ ಮಾಡೋ ಹಾಗಿಲ್ಲ. ಆದರೆ ದೋಸೆಗೆ ಎಷ್ಟು ಇಡಬೇಕು ಅಂತ ಕಾನೂನು ಹೇಳಲ್ಲ. ಹೊರೆ ಜಾರೋದು ಆ ಸಂದಿಯಲ್ಲಿ.

ತೆರಿಗೆ ಇಲ್ಲದಾಗ ದೋಸೆ 60 ರೂಪಾಯಿ, ಹಿಟ್ಟು, ಎಣ್ಣೆ, ಗ್ಯಾಸ್ ಸೇರಿ ಖರ್ಚು 35, ದಿನಕ್ಕೆ 200 ದೋಸೆ ಅಂತಿಟ್ಟುಕೊಳ್ಳಿ. ಉಳಿತಾಯ 5,000. ತೆರಿಗೆ ಬಂದ ಮೇಲೂ 60ಕ್ಕೇ ಕೊಟ್ಟರೆ ದೋಸೆಗೆ 3 ರೂಪಾಯಿ ಹೋಗಿ ಉಳಿಯೋದು 4,400. ಹೊರೆ ಪೂರ್ತಿ ನಿಮ್ಮದು. 63 ಮಾಡಿದರೆ ತೆರಿಗೆ 3.15, ದೋಸೆಗೆ ಉಳಿಯೋದು 24.85. ಇನ್ನೂರೂ ಮಾರಿದರೆ 4,970, ಅಂದರೆ ಬಹುಪಾಲು ಗಿರಾಕಿಯೇ ಹೊತ್ತ. 180ಕ್ಕೆ ಇಳಿದರೆ 4,473. ಆಗ ಗಿರಾಕಿ 3 ರೂಪಾಯಿ ಜಾಸ್ತಿ ಕೊಟ್ಟರೂ ನಿಮಗೆ 527 ಖೋತಾ. 178ಕ್ಕಿಂತ ಕೆಳಗೆ ಹೋದರೆ 63 ಮಾಡಿದ್ದೇ ನಷ್ಟ.

ಹಾಗಾಗಿ ನೋಡಬೇಕಾದ್ದು ನಿಮ್ಮ ಬೀದಿಯನ್ನ. ಎಲ್ಲ ಹೋಟೆಲೂ 5% ಕಟ್ಟೋದಾದರೆ ಎಲ್ಲರೂ ಏರಿಸ್ತಾರೆ, ಗಿರಾಕಿಗೆ ಬೇರೆ ದಾರಿ ಇರಲ್ಲ. ಪಕ್ಕದಲ್ಲೇ ತಳ್ಳುಗಾಡಿ ಇದ್ದು, ಅವರ ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದರೆ ನೋಂದಣಿಯೇ ಬೇಡ. ಅವರು ಹಳೇ ರೇಟಲ್ಲೇ ನಿಲ್ತಾರೆ, ನಿಮ್ಮ ಕೈ ಕಟ್ಟಿಹೋಗುತ್ತೆ.

ಗೃಹಿಣಿ, ವಿಜಯನಗರ
ನಮ್ಮ ಓನರ್ ಕಂದಾಯ ಜಾಸ್ತಿ ಆಯ್ತು ಅಂತ ಬಾಡಿಗೆ 500 ಏರಿಸಿದ್ರು. ಇದಕ್ಕೂ ಜಿಎಸ್‌ಟಿನಾ ಸರ್?

ತೆರಿಗೆ ಸಲಹೆಗಾರರು
ಇಲ್ಲಮ್ಮ, ನೀವು ವಾಸಕ್ಕಿರೋ ಮನೆ, ಜಿಎಸ್‌ಟಿ ಬರಲ್ಲ. ಆದರೆ ಆ ಹುಡುಗನಿಗೆ ಉತ್ತರ ನಿಮ್ಮ ಹತ್ತಿರವೇ ಇದೆ. ಪಾಲಿಕೆ ಡಿಮ್ಯಾಂಡ್ ಹೋಗೋದು ಓನರ್ ಹೆಸರಿಗೆ, ದುಡ್ಡು ಬಂದದ್ದು ನಿಮ್ಮಿಂದ. ಅಕ್ಕಪಕ್ಕ ಮನೆ ಖಾಲಿ ಬಿದ್ದಿದ್ದರೆ ಅವರು ಏರಿಸೋಕೆ ಹಿಂದೆಮುಂದೆ ನೋಡ್ತಿದ್ರು.

ಬಿ.ಕಾಂ ವಿದ್ಯಾರ್ಥಿ
ಕಂದಾಯ ಇಳಿದರೆ ಬಾಡಿಗೆನೂ ಇಳಿಸ್ತಾರಾ ಸಾರ್?

ಹೋಟೆಲ್ ಮಾಲೀಕರು
ಅದನ್ನ ಓನರ್‌ನೇ ಕೇಳಪ್ಪ. ಸರ್, ನಮ್ಮ ಎದುರಿಗೆ ಎರಡು ಗಾಡಿ ಇದೆ. ಮಸಾಲೆ ದೋಸೆ ಒಂದನ್ನ ಮಾತ್ರ 62 ಮಾಡಿ ನೋಡ್ತೀನಿ, ಇಡ್ಲಿ ಮುಟ್ಟಲ್ಲ.